ತಿಂಗಳಿಗೆ ಉಳಿಯುವ ಹತ್ತು ಸಾವಿರ: ಮನೆಸಾಲಕ್ಕೋ, ಎಸ್‌ಐಪಿಗೋ?

ತಿಂಗಳಿಗೆ ಉಳಿಯುವ ಹಣವನ್ನು ಮನೆಸಾಲಕ್ಕೆ ಜಾಸ್ತಿ ಕಟ್ಟಬೇಕೋ, ಎಸ್‌ಐಪಿ ಮಾಡಿ ಪ್ರತಿ ತಿಂಗಳೂ ಷೇರು ಫಂಡಿಗೆ ಹಾಕಬೇಕೋ ಎಂದು ಇಬ್ಬರು ಒಂದೇ ಲೆಕ್ಕ ಇಟ್ಟುಕೊಂಡು ವಾದಿಸುತ್ತಿದ್ದಾರೆ. ಸಾಲ 40 ಲಕ್ಷ ರೂಪಾಯಿ, ಬಡ್ಡಿ 8.5%, ಅವಧಿ 20 ವರ್ಷ, ಕಂತು ಸುಮಾರು 34,713 ರೂಪಾಯಿ. ಕಂತು ಕಟ್ಟಿ ಸಂಸಾರ ನಡೆಸಿದ ಮೇಲೂ ತಿಂಗಳಿಗೆ 10,000 ಉಳಿಯುತ್ತದೆ.

ಪರ: ಸಾಲಕ್ಕೇ ಕಟ್ಟಿ

ಮೊದಲ ಕಂತನ್ನೇ ಬಿಡಿಸಿ ನೋಡಿ. 34,713ರಲ್ಲಿ 28,333 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 6,380 ಮಾತ್ರ. ಅದೇ ತಿಂಗಳು 10,000 ಜಾಸ್ತಿ ಕಟ್ಟಿದರೆ ಅಷ್ಟೂ ಅಸಲಿಗೇ ಹೋಗುತ್ತದೆ. ಆ ಒಂದು ಪಾವತಿಯಿಂದ ಸಾಲದ ಕೊನೆಯಲ್ಲಿ ಸುಮಾರು ಒಂದೂವರೆ ಕಂತು ಇಲ್ಲವಾಗುತ್ತದೆ. ಪ್ರತಿ ತಿಂಗಳೂ ಹೀಗೆ ಕಟ್ಟುತ್ತಾ ಹೋದರೆ 20 ವರ್ಷದ ಸಾಲ 12 ವರ್ಷದೊಳಗೆ ಮುಗಿಯುತ್ತದೆ. ಉಳಿಯುವ ಬಡ್ಡಿ 19 ಲಕ್ಷಕ್ಕೂ ಜಾಸ್ತಿ.

ಕಟ್ಟಬೇಕಿದ್ದ 8.5% ಬಡ್ಡಿ ಉಳಿದರೆ ಅದೇ ನಿಮ್ಮ ಗಳಿಕೆ. ಅದಕ್ಕೆ ತೆರಿಗೆ ಇಲ್ಲ, ಪೇಟೆಯ ಏರಿಳಿತವೂ ಇಲ್ಲ. ಷೇರುಪೇಟೆ ಹಾಗಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 9,000ಕ್ಕಿಂತ ಕೆಳಗಿತ್ತು. ಅಂಥ ವರ್ಷದಲ್ಲಿ ಎಸ್‌ಐಪಿ ನಿಲ್ಲಿಸದೆ ಕೂರುವ ಗುಂಡಿಗೆ ಎಷ್ಟು ಜನಕ್ಕಿದೆ?

ತೆರಿಗೆ ವಿನಾಯಿತಿ ಕೈತಪ್ಪುತ್ತದೆ ಎಂದು ಕೆಲವರು ಹಿಂಜರಿಯುತ್ತಾರೆ. ಸ್ವಂತ ವಾಸದ ಮನೆಯಾದರೆ ಹೊಸ ತೆರಿಗೆ ಪದ್ಧತಿಯಲ್ಲಿ ಬಡ್ಡಿಗೆ ವಿನಾಯಿತಿಯೇ ಇಲ್ಲ. ಹಳೆಯದರಲ್ಲಿ ಒಬ್ಬರಿಗೆ ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ. ಈ ಸಾಲದ ಮೊದಲ ವರ್ಷದ ಬಡ್ಡಿಯೇ 3.3 ಲಕ್ಷ ದಾಟುತ್ತದೆ. ಸಾಲ ಒಬ್ಬರದೇ ಆಗಿದ್ದರೆ, ಮೊದಮೊದಲು ನೀವು ಕಡಿಮೆ ಮಾಡಿಕೊಳ್ಳುವುದು ಹೇಗೂ ವಿನಾಯಿತಿ ಸಿಗದ ಬಡ್ಡಿಯನ್ನು.

ಕಟ್ಟುವಾಗ ಒಂದು ಎಚ್ಚರ ಬೇಕು. ಸುಮ್ನೆ ಸಾಲದ ಖಾತೆಗೆ ಹಣ ಹಾಕಿಬಿಟ್ಟರೆ ಅದು ಮುಂದಿನ ಕಂತಿನ ಮುಂಗಡವಾಗಿ ಕೂತುಬಿಡಬಹುದು. 'ಪಾರ್ಟ್ ಪೇಮೆಂಟ್, ಕಂತು ಹಾಗೇ ಇರಲಿ, ಅವಧಿ ಇಳಿಸಿ' ಎಂದು ಬರೆದುಕೊಡಿ. ಆಮೇಲೆ ಸ್ಟೇಟ್‌ಮೆಂಟ್ ತೆಗೆದು, ಅಸಲು ಪೂರ್ತಿ 10,000 ಇಳಿದಿದೆಯೇ ನೋಡಿ. ವ್ಯಕ್ತಿಗಳ ಫ್ಲೋಟಿಂಗ್ ದರದ ಮನೆಸಾಲಕ್ಕೆ ಇದಕ್ಕಾಗಿ ದಂಡ ಹಾಕುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕ್ ನಿಯಮ.

ವಿರೋಧ: ಹಣ ಕೈಯಲ್ಲಿರಲಿ

'19 ಲಕ್ಷ ಉಳಿತಾಯ' ಎಂದರೆ ಯಾರಿಗಾದರೂ ಕಿವಿ ನೆಟ್ಟಗಾಗುತ್ತದೆ. ಆದರೆ ಅದನ್ನು ಪಡೆಯಲು 14 ಲಕ್ಷಕ್ಕೂ ಜಾಸ್ತಿ ಕೈಯಿಂದ ಹೋಗಿದೆ ಅಲ್ವಾ? ಆ ಹಣ ಬೇರೆ ಕಡೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಅದೇ ಅವಧಿಗೆ ಹೋಲಿಸಬೇಕು.

ಅವರ ಸಾಲ ಮುಗಿಯುವ 142ನೇ ತಿಂಗಳಲ್ಲಿ ನನ್ನ ಸಾಲ ಇನ್ನೂ 24.5 ಲಕ್ಷ ಬಾಕಿ ಇರುತ್ತದೆ. ಷೇರು ಫಂಡ್ ವರ್ಷಕ್ಕೆ 12% ಕೊಟ್ಟಿತು ಅಂದುಕೊಳ್ಳಿ. ಎಸ್‌ಐಪಿಯಲ್ಲಿ 31 ಲಕ್ಷ ಸೇರಿರುತ್ತದೆ. ಒಂದೇ ವರ್ಷದಲ್ಲಿ ಎಲ್ಲ ಮಾರಿದರೆ, 1.25 ಲಕ್ಷದ ಮೇಲಿನ ಲಾಭಕ್ಕೆ 12.5% ತೆರಿಗೆ ಎಂದು ಸುಮಾರು 2 ಲಕ್ಷ ಹೋಗುತ್ತದೆ. ಸಾಲ ತೀರಿಸಿದ ಮೇಲೂ ನಾಲ್ಕೂವರೆ ಲಕ್ಷ ಉಳಿಯುತ್ತದೆ. ಫಂಡ್ 8% ಮಾತ್ರ ಕೊಟ್ಟರೆ ನನಗೇ ಸುಮಾರು 2 ಲಕ್ಷ ಕೊರತೆ, ಒಪ್ಪುತ್ತೇನೆ. ತೆರಿಗೆ ಕಳೆದು 8.5% ಬಂದರೆ ಇಬ್ಬರೂ ಸಮ. ಗೆದ್ದರೂ ಸೋತರೂ ಅಂತರ 19 ಲಕ್ಷದ್ದಂತೂ ಅಲ್ಲ.

ನನ್ನ ನಿಜವಾದ ತಕರಾರು ಬೇರೆ. ಐದು ವರ್ಷ ಹೀಗೆ ಕಟ್ಟಿ, 6 ಲಕ್ಷ ಜಾಸ್ತಿ ತೀರಿಸಿದ್ದೀರಿ. ಆಗ ಕೆಲಸ ಹೋಯಿತು. ಬಾಕಿ 35 ಲಕ್ಷದ ಬದಲು 28 ಲಕ್ಷವಿದೆ, ಸರಿ. ಆದರೆ ಮುಂದಿನ ತಿಂಗಳೂ ಅದೇ 34,713 ಕಟ್ಟಬೇಕು. 'ಮೊದಲೇ ಅಷ್ಟು ಕಟ್ಟಿದ್ದೇನಲ್ಲ' ಅಂದರೆ ಬ್ಯಾಂಕು ಕೇಳುವುದಿಲ್ಲ. ಕಟ್ಟಿದ್ದು ವಾಪಸ್ ಬೇಕೆಂದರೆ ಟಾಪ್‌ಅಪ್ ಸಾಲ ಕೇಳಬೇಕು. ಅದಕ್ಕೆ ಸಂಬಳದ ಚೀಟಿ ಬೇಕು, ಅದೇ ತಾನೇ ಈಗ ಇಲ್ಲದಿರುವುದು! ಆ 6 ಲಕ್ಷ ಕೈಯಲ್ಲಿದ್ದಿದ್ದರೆ 17 ಕಂತು ಹೇಗೋ ದಾಟುತ್ತಿತ್ತು.

ಪೇಟೆ ಬಿದ್ದಾಗಲೇ ಕೆಲಸವೂ ಹೋಗಬಹುದು, ನಿಜ. ಅದಕ್ಕೇ ಮೊದಲ ಒಂದೂವರೆ ವರ್ಷದ ಹಣ ಷೇರು ಫಂಡಿಗೆ ಹೋಗಬಾರದು. ಐದಾರು ಕಂತಿನಷ್ಟು ಹಣ ಬೇಕೆಂದಾಗ ಸಿಗುವ ಕಡೆ ಇರಲಿ, ಆಮೇಲೆ ಎಸ್‌ಐಪಿ. ಕೆಲವು ಬ್ಯಾಂಕುಗಳಲ್ಲಿ ಓವರ್‌ಡ್ರಾಫ್ಟ್ ಮಾದರಿಯ ಮನೆಸಾಲ ಸಿಗುತ್ತದೆ. ಅದರಲ್ಲಿ ಹಾಕಿದಷ್ಟು ಹಣಕ್ಕೆ ಬಡ್ಡಿ ಇಳಿಯುತ್ತದೆ, ಬೇಕಾದಾಗ ತೆಗೆಯಲೂಬಹುದು. ದರ ತುಸು ಜಾಸ್ತಿ ಇರಬಹುದು, ಕೇಳಿಕೊಳ್ಳಿ.

ಉಳಿದ ಹಣವನ್ನು ಎಫ್‌ಡಿಯಲ್ಲೇ ಇಡುವವರಿಗೆ ನನ್ನ ವಾದ ಅನ್ವಯಿಸುವುದಿಲ್ಲ. 7% ಬಡ್ಡಿಯಲ್ಲಿ 30% ತೆರಿಗೆ ಹೋದರೆ ಉಳಿಯುವುದು 4.9%. 8.5%ಕ್ಕೆ ಸಾಲ ತಂದು 4.9%ಕ್ಕೆ ಇಡುವುದಾದರೆ, ಆಪತ್ಕಾಲದ ಹಣ ಬಿಟ್ಟು ಮಿಕ್ಕದ್ದನ್ನು ನಾಳೆಯೇ ಸಾಲಕ್ಕೆ ಕಟ್ಟಿಬಿಡಿ.