ಚಿಂಪಾಂಜಿಗೆ ನಾಲ್ಕು, ಮನುಷ್ಯನಿಗೆ ಸೊನ್ನೆ

ಉಡುಪಿ ಕಡೆಯ ಮದುವೆ ಮಾತುಕತೆಯಲ್ಲಿ "ಅವರ ರಕ್ತವೇ ಬೇರೆ" ಎನ್ನುವುದು ಮಾಮೂಲು. ಮೊನ್ನೆ ಅಮೆರಿಕದಲ್ಲಿರುವ ನನಗೆ ಮಾವ ಫೋನಿನಲ್ಲಿ ಅದಕ್ಕೆ ವಿಜ್ಞಾನದ ಬಣ್ಣ ಕೊಟ್ಟರು: "ಚಿಂಪಾಂಜಿಯಲ್ಲಿ ನಾಲ್ಕು ಉಪಪ್ರಭೇದ ಉಂಟಂತೆ ಮಾರಾಯ, ಮನುಷ್ಯರಲ್ಲಿ ಮಾತ್ರ ಯಾಕಿಲ್ಲ? ನಿಮ್ಮ ಅಮೆರಿಕದವರು ಫಾರ್ಮಿನಲ್ಲೇ ರೇಸ್ ಕೇಳುತ್ತಾರಲ್ಲ!" ಮಾತು ಚುಚ್ಚಿತು. ಪ್ರಶ್ನೆ ಮಾತ್ರ ಸರಿಯಾದದ್ದೇ. ಪ್ರಾಣಿಗೆ ಹಾಕುವ ಅಳತೆಯನ್ನೇ ಮನುಷ್ಯನಿಗೂ ಹಾಕಿ ನೋಡಿದರೆ ಉತ್ತರ ಸಿಗುತ್ತದೆ.

ಒಂದೇ ಪ್ರಭೇದದ ಒಳಗಿನ ಗುಂಪೊಂದನ್ನು ಉಪಪ್ರಭೇದ ಎನ್ನಲು ಪ್ರಾಣಿಶಾಸ್ತ್ರಜ್ಞರು ಸಾಮಾನ್ಯವಾಗಿ ಎರಡು ಸಂಗತಿ ನೋಡುತ್ತಾರೆ. ಎರಡು ಗುಂಪುಗಳ ನಡುವೆ ಭೂಪಟದಲ್ಲಿ ತೋರಿಸಬಹುದಾದ ಗಡಿ ಇರಬೇಕು. ಜತೆಗೆ, ಇಡೀ ಪ್ರಭೇದದಲ್ಲಿರುವ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗವಾದರೂ ಗುಂಪುಗಳ ನಡುವಿನದ್ದಾಗಿರಬೇಕು.

ಚಿಂಪಾಂಜಿ ಎರಡರಲ್ಲೂ ಪಾಸು. ಅದಕ್ಕೆ ಈಜು ಬರುವುದಿಲ್ಲ. ಕ್ಯಾಮರೂನಿನ ಸನಗಾ ನದಿಯ ಉತ್ತರಕ್ಕೆ ಒಂದು ಉಪಪ್ರಭೇದ, ದಕ್ಷಿಣಕ್ಕೆ ಇನ್ನೊಂದು. ಪಶ್ಚಿಮ ಆಫ್ರಿಕಾದ ಚಿಂಪಾಂಜಿಗಳಂತೂ ಉಳಿದವುಗಳಿಂದ ಬೇರೆಯಾಗಿ ಲಕ್ಷಾಂತರ ವರ್ಷಗಳಾಗಿವೆ. ಜೀವವಿಜ್ಞಾನಿ ಅಲನ್ ಟೆಂಪಲ್ಟನ್ 2013ರಲ್ಲಿ ಕೊಟ್ಟ ಲೆಕ್ಕದಲ್ಲಿ ಚಿಂಪಾಂಜಿಗಳ ಒಟ್ಟು ವ್ಯತ್ಯಾಸದ ಸುಮಾರು 30 ಶೇಕಡಾ ಉಪಪ್ರಭೇದಗಳ ನಡುವಿನದ್ದು. ಮನುಷ್ಯರನ್ನು ಖಂಡವಾರು ಗುಂಪು ಮಾಡಿದರೆ ಅದೇ ಅಂಕಿ 4.3 ಶೇಕಡಾ. ಉಳಿದ ಬಹುಪಾಲು ಒಂದೊಂದು ಗುಂಪಿನ ಒಳಗೇ, ಅಂದರೆ ಒಂದೇ ಊರಿನ ಇಬ್ಬರ ನಡುವೆ ಇರುವಂಥದ್ದು. ಕ್ಯಾಮರೂನಿನಲ್ಲಿ ಹೆಚ್ಚು ದೂರವಿಲ್ಲದ ಎರಡು ಚಿಂಪಾಂಜಿ ಗುಂಪುಗಳ ಅಂತರ, ಬೇರೆ ಬೇರೆ ಖಂಡದ ಮನುಷ್ಯರ ಅಂತರಕ್ಕಿಂತ ದೊಡ್ಡದು ಎಂದು 2012ರ ಅಧ್ಯಯನವೊಂದು ತೋರಿಸಿತು. ಅದೂ ಸಂಖ್ಯೆಯಲ್ಲಿ ಅವು ಕೆಲವೇ ಲಕ್ಷ, ನಾವು ಎಂಟುನೂರು ಕೋಟಿ ಇರುವಾಗ.

ಗಡಿಯ ವಿಷಯದಲ್ಲೂ ನಾವು ಫೇಲು. ದೋಣಿ ಕಟ್ಟುವ ಪ್ರಾಣಿಗೆ ಹೊಳೆ ಗಡಿಯಾಗುವುದಿಲ್ಲ. ಕುಂದಾಪುರದಿಂದ ಬೈಂದೂರು, ಭಟ್ಕಳ, ಹೊನ್ನಾವರ ಅಂತ ಹೋಗುತ್ತಿದ್ದರೆ ಮಾತಿನ ಧಾಟಿ ಬದಲಾಗುತ್ತಲೇ ಇರುತ್ತದೆ, ಯಾವ ಸೇತುವೆಯಲ್ಲಿ ಬದಲಾಯಿತು ಎಂದು ಹೇಳಲಾಗದು. ಮನುಷ್ಯರ ಜೀನುಗಳೂ ಹೆಚ್ಚಾಗಿ ಹಾಗೆಯೇ, ದೂರ ಹೆಚ್ಚಿದಷ್ಟು ಅಂತರ ಹೆಚ್ಚು. ಲಾಗೋಸ್, ಓಸ್ಲೊ, ಬೀಜಿಂಗ್ ಈ ಮೂರು ಕಡೆಯ ರಕ್ತ ಮಾತ್ರ ತಂದು ಪರೀಕ್ಷಿಸಿದರೆ ಮೂರು ಚೊಕ್ಕ ಗುಂಪು ಕಾಣುತ್ತವೆ. ನಡುವಿನ ಊರುಗಳದ್ದನ್ನೂ ಸೇರಿಸುತ್ತ ಹೋದರೆ ಗೆರೆ ಅಳಿಸುತ್ತ ಬರುತ್ತದೆ. ಹಾಗಾಗಿ ಯಾರಾದರೂ "ಇಷ್ಟು ಜನಾಂಗ ಸಿಕ್ಕಿತು" ಎಂದರೆ, ಮಾದರಿ ಎಲ್ಲೆಲ್ಲಿಂದ ತಂದಿರಿ ಎಂದು ಮೊದಲು ಕೇಳಬೇಕು.

ಮೈಬಣ್ಣ ಕಣ್ಣಿಗೆ ಕಾಣುತ್ತದಲ್ಲ ಎಂದರೆ, ಬಣ್ಣವನ್ನೇ ಹಿಡಿದು ವಿಂಗಡಿಸಿ ನೋಡಿ. ನಮ್ಮ ಕರಾವಳಿಯ ಕಪ್ಪು ಮೈಯವರು ಸುಡಾನ್ ಮತ್ತು ಪಪುವಾದವರ ಜತೆ ಒಂದೇ ಗುಂಪಿಗೆ ಬೀಳುತ್ತಾರೆ, ಆದರೆ ವಂಶಾವಳಿಯಲ್ಲಿ ಈ ಮೂವರೂ ದೂರದವರು. ದೊಡ್ಡವರಾದ ಮೇಲೂ ಹಾಲು ಜೀರ್ಣಿಸುವ ಗುಣ ಹಿಡಿದರೆ ಪಂಜಾಬಿನ ಅನೇಕರು ಸ್ವೀಡನ್ನಿನವರ ಪಕ್ಕ ಹೋಗುತ್ತಾರೆ. ಎರಡೂ ಕಡೆ ಅದಕ್ಕೆ ಕಾರಣ ಜೀನಿನಲ್ಲಾದ ಒಂದೇ ಬದಲಾವಣೆ. ಒಂದೊಂದು ಗುಣ ಒಂದೊಂದು ನಕ್ಷೆ ಬರೆಯುತ್ತದೆ, ಒಂದರ ಮೇಲೊಂದು ಕೂರುವುದಿಲ್ಲ.

ಅಮೆರಿಕದ ಫಾರ್ಮಿನ ರೇಸ್ ಕಾಲಂ ಇದಕ್ಕೆ ಸಾಕ್ಷಿಯಾಗಲಾರದು. ಇಲ್ಲಿನ ಜನಗಣತಿಯಲ್ಲಿ ಭಾರತದವರು 1920ರಿಂದ 1940ರವರೆಗೆ "ಹಿಂದೂ" ಎಂಬ ರೇಸ್. 1970ರಲ್ಲಿ ಬಿಳಿಯರು. 1980ರಲ್ಲಿ "ಏಷ್ಯನ್ ಇಂಡಿಯನ್". ಅಷ್ಟರಲ್ಲಿ ಯಾರ ರಕ್ತವೂ ಬದಲಾಗಿರಲಿಲ್ಲ.

ಮಾವನಿಗೆ ಒಂದಿಷ್ಟು ಬಿಟ್ಟುಕೊಡಲೇಬೇಕು. ಕಾಲು ಭಾಗ ಎಂಬ ಮಿತಿ ವಿಜ್ಞಾನಿಗಳು ಮಾಡಿಕೊಂಡ ರೂಢಿ, ಪ್ರಕೃತಿ ಬರೆದಿಟ್ಟದ್ದಲ್ಲ. ಸಾವಿರಾರು ಜೀನ್ ಗುರುತುಗಳನ್ನು ಒಟ್ಟಿಗೆ ನೋಡಿದರೆ ಒಬ್ಬರ ಪೂರ್ವಜರು ಯಾವ ಕಡೆಯವರು ಎಂದು ಚೆನ್ನಾಗಿಯೇ ಹೇಳಬಹುದು. ಆದರೆ ಆ ವಿಧಾನ ನಾಲ್ಕಕ್ಕೋ ಐದಕ್ಕೋ ನಿಲ್ಲುವುದಿಲ್ಲ, ಗುರುತು ಹೆಚ್ಚಿಸಿದಂತೆ ಒಳಗೊಳಗೇ ಮದುವೆಯಾಗುವ ಸಣ್ಣ ಸಮುದಾಯವೂ ಬೇರೆಯಾಗಿ ಕಾಣುತ್ತದೆ. ನಮ್ಮಲ್ಲಿ ಆ ಪದ್ಧತಿ ಬಿಗಿಯಾದದ್ದು ಸುಮಾರು 1,900 ವರ್ಷಗಳ ಈಚೆಗೆ ಎಂದು ಭಾರತೀಯರ ಜೀನುಗಳ 2013ರ ಅಧ್ಯಯನವೊಂದು ಸೂಚಿಸುತ್ತದೆ. ಅದಕ್ಕೆ ಮುಂಚಿನ ಸುಮಾರು ಎರಡು ಸಾವಿರ ವರ್ಷ ಬೇರೆ ಬೇರೆ ಗುಂಪಿನವರು ವ್ಯಾಪಕವಾಗಿ ಬೆರೆಯುತ್ತಿದ್ದರು. ಚಿಂಪಾಂಜಿಯ ಲಕ್ಷಾಂತರ ವರ್ಷಗಳ ಮುಂದೆ ಇದು ಏನೂ ಅಲ್ಲ, ಆದರೂ ಕೆಲವು ಕಾಯಿಲೆ ಕೆಲವು ಮನೆತನಗಳಲ್ಲಿ ಹೆಚ್ಚಾಗಲು ಅಷ್ಟು ಸಾಕು. ಅದಕ್ಕೇ ಇಲ್ಲಿನ ಆಸ್ಪತ್ರೆಯಲ್ಲಿ ಜಪಾನಿನವರನ್ನೂ ಉಡುಪಿಯವರನ್ನೂ ಒಟ್ಟಿಗೆ "ಏಷ್ಯನ್" ಎಂದು ಬರೆದುಕೊಳ್ಳುವುದಕ್ಕಿಂತ, ನಮ್ಮೂರ ಡಾಕ್ಟರು "ಮೂಲ ಯಾವ ಊರು? ಸಂಬಂಧದಲ್ಲೇ ಮದುವೆಯಾ?" ಎಂದು ಕೇಳುವುದರಿಂದ ಹೆಚ್ಚು ವಿಷಯ ತಿಳಿಯುತ್ತದೆ.