ಪಾರ್ಸೆಲ್ ಮೇಲೆ ಅಪ್ಪಯ್ಯನ ಇನಿಷಿಯಲ್ ಬೇರೆ ಇತ್ತು

ಮೇ ತಿಂಗಳ ಕೊನೆಯಲ್ಲಿ ಕಾಳುಮೆಣಸಿನ ಬಳ್ಳಿಗೆ ಔಷಧಿ ಹೊಡೆಯಲು ಒಂದು ಬ್ಯಾಟರಿ ಸ್ಪ್ರೇಯರ್ ಬೇಕಾಯಿತು. ಫೋನಿನಲ್ಲಿ ಜಾಹೀರಾತು ಬಂದ ಒಂದು ಸಣ್ಣ ವೆಬ್‌ಸೈಟಿನಲ್ಲಿ ಅಪ್ಪಯ್ಯನ ಹೆಸರಿನಲ್ಲಿ ಆರ್ಡರ್ ಮಾಡಿದೆ. ಸ್ಪ್ರೇಯರ್ ಬಂತು, ಚೆನ್ನಾಗಿಯೇ ಇದೆ. ಅದು ಬಂದ ಮೂರನೇ ದಿನದಿಂದ ಫೋನುಗಳು ಶುರುವಾದವು. ಒಬ್ಬರು ಗೊಬ್ಬರ ಮಾರುವವರು, ಇನ್ನೊಬ್ಬರು ಸಾಲ ಕೊಡುವವರು. ನಾಲ್ಕನೇ ದಿನ ಬಂದವನು ಹೇಳಿದ್ದು, "ಸರ್, ನಿಮ್ಮ ಸ್ಪ್ರೇಯರ್ ಆರ್ಡರ್‌ಗೆ ಲಕ್ಕಿ ಡ್ರಾದಲ್ಲಿ ಕಾರು ಬಂದಿದೆ. ಜಿಎಸ್‌ಟಿ ಮಾತ್ರ ಕಟ್ಟಬೇಕು."

ಅಪ್ಪಯ್ಯ ಫೋನ್ ಇಟ್ಟು ನನ್ನ ಕಡೆ ನೋಡಿದರು. "ಅವ ನನ್ನನ್ನ ಮಂಜಪ್ಪ ಎಂ ಅಂದ. ನಾನು ಕೆ ಅಲ್ವಾ?"

ಆ ಎಂ ನಾನೇ ಹಾಕಿದ್ದು. ಎರಡು ವರ್ಷದಿಂದ ಹೀಗೆ ಮಾಡುತ್ತಿದ್ದೇನೆ. ಹೊಸ ಸೈಟಿನಲ್ಲಿ ಆರ್ಡರ್ ಮಾಡುವಾಗ ಹೆಸರು ಸರಿಯಾಗಿಯೇ ಬರೆಯುತ್ತೇನೆ, ಇನಿಷಿಯಲ್ ಮಾತ್ರ ಸೈಟಿಗೊಂದು. ಯಾವ ಸೈಟಿಗೆ ಯಾವ ಅಕ್ಷರ ಅಂತ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಪಾರ್ಸೆಲ್ ಕೊಡುವ ಹುಡುಗ ಇನಿಷಿಯಲ್ ನೋಡಿ ವಾಪಸ್ ಒಯ್ದದ್ದು ಒಂದು ಸಲವೂ ಇಲ್ಲ. ಗ್ಯಾರಂಟಿ ಬಿಲ್ ಬೇಕಾದ ದೊಡ್ಡ ಸಾಮಾನಿಗೆ, ಗುರುತಿನ ಚೀಟಿ ಕೇಳುವ ಸಾಮಾನಿಗೆ ಮಾತ್ರ ಇದು ಬೇಡ. ಉಳಿದದ್ದಕ್ಕೆಲ್ಲ ಇದರಿಂದ ಒಂದು ದೊಡ್ಡ ಉಪಕಾರ ಇದೆ. ಫೋನ್ ಮಾಡಿದವನೇ ತನಗೆ ನಂಬರ್ ಎಲ್ಲಿಂದ ಬಂತು ಅಂತ ಬಾಯಿಬಿಟ್ಟು ಹೇಳಿಬಿಡುತ್ತಾನೆ.

ಎಂ ಅಂದರೆ ಆ ಸ್ಪ್ರೇಯರ್ ಆರ್ಡರ್. ಆದರೆ ನಂಬರ್ ಹೊರಗೆ ಬಿದ್ದದ್ದು ಮಾರಿದವರ ಕಡೆಯಿಂದಲಾ, ಕೊರಿಯರ್ ಕಡೆಯಿಂದಲಾ, ಅಥವಾ ಪೆಟ್ಟಿಗೆ ನೋಡಿದ ಯಾರೋ ಬರೆದುಕೊಂಡರಾ? ನಮ್ಮ ಕಡೆ ಈ ಮೂರನೆಯ ಅನುಮಾನ ಸಹಜ. ಆಗುಂಬೆ ದಾರಿಯಿಂದ ಒಳಗೆ ಮೂರು ಕಿಲೋಮೀಟರ್ ಮಣ್ಣು ರಸ್ತೆಯಲ್ಲಿರುವ ಮನೆಗೆ ಕೊರಿಯರ್ ಬರುವುದಿಲ್ಲ. ರಸ್ತೆ ಬದಿಯ ದಿನಸಿ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ಅಕ್ಕಿ ಮೂಟೆಯ ಪಕ್ಕ ಎರಡು ದಿನ ಬಿದ್ದಿರುತ್ತದೆ. ಮೇಲೆ ಹೆಸರು, ಊರು, ಪೂರ್ತಿ ಮೊಬೈಲ್ ನಂಬರ್, ಕೊಡಬೇಕಾದ ದುಡ್ಡು. ಬೀಡಿ ತಗೊಳ್ಳಲು ಬಂದವರಿಗೂ ಕಾಣುತ್ತದೆ.

ಈ ಸಲ ಅದಲ್ಲ ಅಂತ ತಿಳಿದದ್ದು ಪಕ್ಕದ ಮನೆ ಅತ್ತೆಯಿಂದ. ಅವರಿಗೂ ಅದೇ ಲಕ್ಕಿ ಡ್ರಾ ಫೋನ್ ಬಂತು, ಅದೇ ಮಂಜಪ್ಪ ಎಂ ಬೇಕು ಅಂತ. ನಮ್ಮಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಇರಲಿ ಅಂತ ಎರಡನೇ ನಂಬರಾಗಿ ಅವರದ್ದು ಕೊಟ್ಟಿದ್ದೆ. ಪೆಟ್ಟಿಗೆ ಮೇಲಿನ ಚೀಟಿ ಇನ್ನೂ ಹಾಗೇ ಇತ್ತು. ತಿರುಗಿಸಿ ನೋಡಿದೆ. ಅದರಲ್ಲಿ ಅಪ್ಪಯ್ಯನ ನಂಬರ್ ಒಂದೇ ಇದೆ, ಅತ್ತೆಯದ್ದಿಲ್ಲ. ಅಂದರೆ ಪೆಟ್ಟಿಗೆ ನೋಡಿದವರು ಯಾರೂ ಅಲ್ಲ. ಆರ್ಡರಿನ ಪೂರ್ತಿ ವಿವರ ಕಂಪ್ಯೂಟರಿನಲ್ಲಿ ನೋಡಬಲ್ಲವರ ಕಡೆಯಿಂದಲೇ ಅದು ಹೊರಗೆ ಹೋಗಿದೆ. ಮಾರಿದವರೋ ಸಾಗಿಸಿದವರೋ, ಅಷ್ಟು ನನಗೆ ಹೇಳಲು ಬರುವುದಿಲ್ಲ. ಆದರೆ ದಿನಸಿ ಅಂಗಡಿಯ ಪಾಪದ ಮನುಷ್ಯನ ಮೇಲೆ ಅನುಮಾನ ಪಡುವುದು ತಪ್ಪಿತು.

ಅತ್ತೆಯ ವಿಷಯದಲ್ಲಿ ನನಗೆ ನಿಜವಾಗಿ ಬೇಜಾರಾಗಿದೆ. ಅವರು ಏನೂ ಕೊಂಡಿಲ್ಲ, ಯಾರಿಗೂ ನಂಬರ್ ಕೊಟ್ಟಿಲ್ಲ. ಕೊಟ್ಟಿದ್ದು ನಾನು, ಅವರನ್ನು ಕೇಳದೆ. ಇನ್ನು ಮೇಲೆ ಆ ಎರಡನೇ ನಂಬರಿನ ಜಾಗದಲ್ಲಿ ಮೊದಲನೇ ನಂಬರನ್ನೇ ಮತ್ತೊಮ್ಮೆ ಬರೆಯುತ್ತೇನೆ.

"ನಂಬರ್ ಕೊಡಲೇಬೇಡಿ" ಅನ್ನುವ ಸಲಹೆ ಪೇಟೆಯವರಿಗೆ ಸರಿ ಇರಬಹುದು. ಇಲ್ಲಿ ಆಗುವುದಿಲ್ಲ. ಬಾಗಿಲ ಸಂಖ್ಯೆ ಇಲ್ಲ, ಬೀದಿ ಹೆಸರಿಲ್ಲ, ಹುಡುಗ ಫೋನ್ ಮಾಡದೆ ಪಾರ್ಸೆಲ್ ಸೇರುವುದೇ ಇಲ್ಲ. ಹಾಗಾಗಿ ನಾವು ಮಾಡಿದ್ದು ಇಷ್ಟೇ. ಮನೆಯಲ್ಲಿ ಸುಮ್ನೆ ಬಿದ್ದಿದ್ದ ಕೀಪ್ಯಾಡ್ ಫೋನಿಗೆ ಬೇರೆ ಸಿಮ್ ಹಾಕಿದೆವು. ಆರ್ಡರಿಗೆ ಅದೊಂದೇ ನಂಬರ್. ಬ್ಯಾಂಕ್, ಆಧಾರ್, ಸೊಸೈಟಿ ಎಲ್ಲಕ್ಕೂ ಅಪ್ಪಯ್ಯನ ಹಳೇ ನಂಬರ್ ಹಾಗೇ ಇದೆ, ಅದು ಇನ್ನು ಯಾವ ಪೆಟ್ಟಿಗೆಯ ಮೇಲೂ ಹೋಗುವುದಿಲ್ಲ. ಆ ಸಿಮ್ ಮನೆಯೊಳಗೆ ಸಿಗ್ನಲ್ ಬರುವ ಕಂಪನಿಯದ್ದೇ ಆಗಿರಬೇಕು. ರೀಚಾರ್ಜ್ ಬಿಡಬಾರದು, ಬಹಳ ದಿನ ಬಿಟ್ಟರೆ ಆ ನಂಬರ್ ಬೇರೆಯವರಿಗೆ ಹೋಗುತ್ತದೆ. ನಿಮ್ಮ ಶಾಪಿಂಗ್ ಖಾತೆಯ ಒಟಿಪಿ ಆಮೇಲೆ ಅವರಿಗೆ ಹೋಗುತ್ತದೆ.

ವಿಳಾಸದಲ್ಲಿ ನಾವು ಬರೆಯುವ ಇನ್ನೊಂದು ಸಾಲಿನ ಬಗ್ಗೆಯೂ ಹೇಳಬೇಕು. ಗುರುತು ಹೇಳುವ ಜಾಗದಲ್ಲಿ ನಮ್ಮ ಅಣ್ಣ ಒಮ್ಮೆ ಬರೆದಿದ್ದ: "ಹಗಲು ಎಲ್ಲರೂ ತೋಟದಲ್ಲಿರುತ್ತೇವೆ, ಸಂಜೆ 5ರ ನಂತರ ಬನ್ನಿ." ಅದು ಅಕ್ಷರ ಬಿಡದೆ ಚೀಟಿಯಲ್ಲಿ ಅಚ್ಚಾಗಿ ಬಂದಿತ್ತು. ಹಗಲು ಮನೆ ಖಾಲಿ ಅಂತ ಪೆಟ್ಟಿಗೆ ಊರಿಗೆಲ್ಲ ಹೇಳಿಕೊಂಡು ಬಂತು. ಈಗ ನಾವು ಅಂಗಡಿಯ ಗುರುತಿನವರೆಗೆ ಮಾತ್ರ ಬರೆಯುತ್ತೇವೆ. ಅಲ್ಲಿಂದ ಮುಂದಿನ ದಾರಿ ಫೋನಿನಲ್ಲಿ.

ಬಂದ ಫೋನುಗಳನ್ನು ನಿಲ್ಲಿಸುವುದು ಬೇರೆ ಕೆಲಸ. 1909ಕ್ಕೆ START 0 ಅಂತ ಮೆಸೇಜ್ ಕಳಿಸಿದರೆ ಜಾಹೀರಾತಿನ ಕರೆ, ಮೆಸೇಜ್ ಬೇಡ ಅಂತ ದಾಖಲಾಗುತ್ತದೆ. ಆದರೆ ಅದರಿಂದ ನಿಲ್ಲುವುದು ನಿಯಮದ ಪ್ರಕಾರ ನೋಂದಾಯಿಸಿಕೊಂಡ ಕಂಪನಿಗಳ ಕರೆ ಮಾತ್ರ, ಹೆಚ್ಚಾಗಿ 140ರಿಂದ ಶುರುವಾಗುವ ನಂಬರಿನವು. ಮಾಮೂಲಿ ಹತ್ತಂಕಿಯ ಸಿಮ್ಮಿನಿಂದ ಮಾಡುವವನಿಗೆ ಅದು ತಾಗುವುದೇ ಇಲ್ಲ. ಡಿಎನ್‌ಡಿ ಅನ್ನುವ ಈ ನೋಂದಣಿ ಹಾಕಿಸಿದರೂ ಫೋನ್ ನಿಲ್ಲಲಿಲ್ಲ ಅಂತ ಎಷ್ಟೋ ಜನ ಬೇಸತ್ತು ಕೈಬಿಡುವುದು ಇಲ್ಲೇ.

ಅಂಥವನ ಮೇಲೆ ದೂರು ಕೊಡಬೇಕು. ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಕರೆಯ ಪಟ್ಟಿಯಿಂದ ಆ ನಂಬರ್ ಆರಿಸಿ, ಏನು ಮಾರಲು ಬಂದ ಅಂತ ಎರಡು ಸಾಲು ಬರೆದರೆ ಆಯಿತು. ಆ್ಯಪ್ ಬೇಡದವರು 1909ಕ್ಕೆ ಫೋನ್ ಮಾಡಿಯೂ ಹೇಳಬಹುದು. ಟ್ರಾಯ್ ನಿಯಮಕ್ಕೆ 2025ರಲ್ಲಿ ಬಂದ ತಿದ್ದುಪಡಿಯ ನಂತರ ದೂರಿಗೆ 7 ದಿನ ಸಮಯ ಇದೆ, ಮೊದಲು 3 ದಿನ ಇತ್ತು. ನೋಂದಣಿ ಇಲ್ಲದವನ ಮೇಲೆ ದೂರು ಕೊಡಲು ನೀವು ಡಿಎನ್‌ಡಿ ಹಾಕಿಸಿರಲೇಬೇಕು ಅಂತಲೂ ಇಲ್ಲ. 10 ದಿನದೊಳಗೆ ಒಂದೇ ಕರೆದಾರನ ಮೇಲೆ 5 ದೂರು ಬಂದರೆ ಕ್ರಮ ತೆಗೆದುಕೊಳ್ಳಬೇಕು ಅನ್ನುವುದು ಈಗಿನ ಅಳತೆ. ಮೊದಲ ಸಲ ಸಿಕ್ಕಿಬಿದ್ದರೆ ಅವನ ಹೊರಹೋಗುವ ಕರೆ 15 ದಿನ ಬಂದ್.

ಈ ಐದು ಅನ್ನುವ ಲೆಕ್ಕ ನನಗೆ ಮುಖ್ಯ ಅನ್ನಿಸಿತು. ಒಬ್ಬರು ಬ್ಲಾಕ್ ಮಾಡಿ ಸುಮ್ಮನಾದರೆ ಅವನು ಪಕ್ಕದ ಮನೆಗೆ ಫೋನ್ ಮಾಡುತ್ತಾನೆ. ಕೇಳಿ ನೋಡಿದಾಗ ಆ ಗೊಬ್ಬರದವನು ನಮ್ಮ ಕೇರಿಯಲ್ಲೇ ನಾಲ್ಕು ಮನೆಗೆ ಮಾಡಿದ್ದ. ಎಲ್ಲರ ಕೈಯಲ್ಲೂ ದೂರು ಕೊಡಿಸಿದೆ. ಲಕ್ಕಿ ಡ್ರಾದವನ ಕತೆ ಬೇರೆ, ಅದು ಮೋಸ. ಅದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ, ಮೋಸದ ಕರೆ ತಿಳಿಸುವ ಚಕ್ಷು ವಿಭಾಗದಲ್ಲಿ ಹಾಕಿದೆ. ದುಡ್ಡು ಹೋಗಿದ್ದರೆ ಚಕ್ಷು ಸಾಲದು, ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ನನ್ನ ಒಂದು ಕೋರಿಕೆ ಸಾಮಾನು ಮಾರುವವರಿಗೆ. ದೊಡ್ಡ ಆ್ಯಪ್‌ಗಳಲ್ಲಿ ಕೆಲವು ಹುಡುಗನಿಗೆ ನಿಜವಾದ ನಂಬರ್ ತೋರಿಸದೆ ಕರೆ ಜೋಡಿಸಿಕೊಡುತ್ತವೆ. ಅದು ಸಾಧ್ಯ ಇದೆ ಅಂದ ಮೇಲೆ ಚೀಟಿಯ ಮೇಲೆ ಹತ್ತೂ ಅಂಕಿ ದಪ್ಪಕ್ಷರದಲ್ಲಿ ಯಾಕೆ ಬೇಕು? ಕೊನೆಯ ನಾಲ್ಕು ಅಂಕಿ ಸಾಲದಾ?

ಅದು ಆಗುವವರೆಗೆ ನಮ್ಮ ಮನೆಯಲ್ಲಿ ಚೀಟಿ ಬಚ್ಚಲ ಒಲೆಗೆ ಹೋಗುತ್ತದೆ. ಪ್ಲಾಸ್ಟಿಕ್ ಕವರಿಗೆ ಅಂಟಿದ್ದರೆ ಸುಡುವ ಹಾಗಿಲ್ಲ, ಬಿಸಿನೀರು ತಾಗಿಸಿ ಎಬ್ಬಿಸಬೇಕು. ಅಪ್ಪಯ್ಯ ಈಗ ಪೆಟ್ಟಿಗೆ ಬಿಚ್ಚುವ ಮೊದಲೇ ಉಗುರಿನಲ್ಲಿ ಚೀಟಿಯ ಮೂಲೆ ಎಬ್ಬಿಸಿ, ಇನಿಷಿಯಲ್ ಓದಿ, "ಇದು ಯಾರದ್ದೇ, ಟಿ?" ಅಂತ ಕೇಳುತ್ತಾರೆ. ಕಳೆದ ತಿಂಗಳು ಹಳೇ ನಂಬರಿಗೆ ಎರಡು ಫೋನ್ ಬಂದವು. ಎರಡೂ ಎಂ.