ಜೂನ್ ತಿಂಗಳ ಬಿಲ್ಲು ಜನವರಿಗೆ ಹೋದ ಕಥೆ

ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು ನಾನು. "ಬಿಲ್ಲಿನ ಪಿಡಿಎಫ್ ಹಾಕಿ ಸಾರ್, ಎಲ್ಲ ಓದಿ ಸಿಎಸ್‌ವಿ ಕೊಡುತ್ತದೆ, ಸುಮ್ನೆ ಟ್ಯಾಲಿಗೆ ಏರಿಸಿ" ಅಂತ ಸಾಫ್ಟ್‌ವೇರ್ ಮಾರಿದವನು ಹೇಳಿ ಹೋದ. ಆ 'ಸುಮ್ನೆ'ಯನ್ನು 19ನೇ ತಾರೀಖಿನ ರಾತ್ರಿ ನನ್ನ ಕುರ್ಚಿಯಲ್ಲಿ ಕೂತು ಹೇಳಲಿ ನೋಡೋಣ. ಮಾರನೇ ದಿನ ಜಿಎಸ್‌ಟಿ ರಿಟರ್ನ್ 3ಬಿ ಕಟ್ಟಬೇಕು.

ನಮ್ಮ ಟ್ಯಾಲಿಪ್ರೈಮ್ ಕೇಳುವುದು ಎಕ್ಸೆಲ್ ಫೈಲು. ಹಾಗಾಗಿ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದೆ. ಕೆಟ್ಟಿದ್ದೇ ಅಲ್ಲಿ. ಈ ಕಂಪ್ಯೂಟರಿನ ರೀಜನ್ ಅಮೆರಿಕದ್ದಾಗಿತ್ತು. ಅದು ತಿಂಗಳನ್ನು ಮೊದಲು ಓದುತ್ತದೆ. `05-06-2025` ಅಂದರೆ ನಮಗೆ ಜೂನ್ 5, ಅದಕ್ಕೆ ಮೇ 6. ಜೂನ್ 1ರ ಬಿಲ್ಲು ಜನವರಿ 6ಕ್ಕೆ ಹೋಗಿ, ಹೋದ ಹಣಕಾಸು ವರ್ಷದಲ್ಲಿ ಕೂತಿತು. 12ನೇ ತಾರೀಖಿನದು ಡಿಸೆಂಬರ್‌ಗೆ! 6ನೇ ತಾರೀಖಿನದು ಮಾತ್ರ ಬಚಾವಾಯಿತು, ಆ ಕಡೆಯಿಂದ ಓದಿದರೂ ಅದೇ ಅಲ್ವಾ.

ತಾರೀಖಿನ ಬಗ್ಗೆ ಒಂದು ಎರರ್ ಕೂಡ ಬರಲಿಲ್ಲ. ಅದೇ ನನಗೆ ಉರಿ. ಜಿಎಸ್‌ಟಿ ಪೋರ್ಟಲ್ ಕೊಡುವ ನಮ್ಮ ಖರೀದಿ ಬಿಲ್ಲುಗಳ ಪಟ್ಟಿ 2ಬಿ ಜೊತೆ ತಾಳೆ ನೋಡುವಾಗಲೇ ಗೊತ್ತಾಗಿದ್ದು: ಅಲ್ಲಿರುವ ಬಿಲ್ಲು ನಮ್ಮ ಜೂನ್ ಪುಸ್ತಕದಲ್ಲಿಲ್ಲ. ಆಮೇಲೆ ಎಕ್ಸೆಲ್ ಕಾಲಂ ಸರಿಯಾಗಿ ನೋಡಿದೆ. 13ರಿಂದ ಮುಂದಿನ ತಾರೀಖುಗಳು ಎಡಕ್ಕೆ ಅಂಟಿಕೊಂಡಿವೆ, 1ರಿಂದ 12 ಬಲಕ್ಕೆ. 13ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅವನ್ನು ಬರೀ ಅಕ್ಷರ ಅಂತ ಬಿಟ್ಟಿದೆ. ಒಂದೇ ಕಾಲಂನಲ್ಲಿ ಎಡ ಬಲ ಎರಡೂ ಕಂಡರೆ ಏರಿಸಲೇಬೇಡಿ. ವಿಂಡೋಸ್ ರೀಜನ್ ಅನ್ನು `English (India)` ಮಾಡಿ, ಮೂಲ ಸಿಎಸ್‌ವಿಯನ್ನೇ ಮತ್ತೆ ತೆರೆಯಿರಿ. ಒಮ್ಮೆ ಸೇವ್ ಆದ ಎಕ್ಸೆಲ್ ಸರಿಹೋಗುವುದಿಲ್ಲ.

ಅಷ್ಟಕ್ಕೇ ಮುಗಿಯಿತಾ? ಒಂದು ಬಿಲ್ಲು ನೋಡಿ. ಸರಕು 12,345.50, ಸಿಜಿಎಸ್‌ಟಿ 1,111.10, ಎಸ್‌ಜಿಎಸ್‌ಟಿ 1,111.10. ಕೂಡಿದರೆ 14,567.70. ಬಿಲ್ಲಿನ ಕೊನೆಯಲ್ಲಿ ಇರುವುದು 14,568. ಆ 30 ಪೈಸೆಯ ರೌಂಡ್ ಆಫ್ ಸಾಲನ್ನು ಇವರ ಸಾಫ್ಟ್‌ವೇರ್ ಓದುವುದೇ ಇಲ್ಲ. ಪಾರ್ಟಿಗೆ ಕ್ರೆಡಿಟ್ 14,568, ಡೆಬಿಟ್ 14,567.70. ವೋಚರ್ ಹೇಗೆ ಕೂರುತ್ತದೆ? ನಾನೇ ಒಂದು ಕಾಲಂ ಸೇರಿಸಿ, ಒಟ್ಟು ಮೊತ್ತದಲ್ಲಿ ಉಳಿದದ್ದನ್ನೆಲ್ಲ ಕಳೆದು, ರೌಂಡ್ ಆಫ್ ಲೆಡ್ಜರ್‌ಗೆ ಹಾಕಿದೆ. ವ್ಯತ್ಯಾಸ ಒಂದು ರೂಪಾಯಿಗಿಂತ ಜಾಸ್ತಿ ಬಂದರೆ ಅದು ರೌಂಡ್ ಆಫ್ ಅಲ್ಲ, ಸಾಗಣೆ ಖರ್ಚೋ ಇನ್ನೇನೋ ಬಿಟ್ಟುಹೋಗಿದೆ ಅಂತ. ಅಂಥವು ಏಳು ಸಿಕ್ಕವು.

ಮಾರಿದವನಿಗೆ ಫೋನ್ ಮಾಡಿದರೆ, "ನಮ್ಮ ಸಿಎಸ್‌ವಿ ಕರೆಕ್ಟ್ ಇದೆ ಸಾರ್, ಪ್ರಾಬ್ಲಮ್ ನಿಮ್ಮ ಎಕ್ಸೆಲ್‌ದು" ಅಂದ. ಅಯ್ಯಾ, ತಾರೀಖನ್ನು `2025-06-05` ಅಂತ ವರ್ಷ ಮೊದಲು ಬರೆದು ಕೊಟ್ಟಿದ್ದರೆ ಯಾವ ಎಕ್ಸೆಲ್ಲೂ ತಪ್ಪು ಓದುತ್ತಿರಲಿಲ್ಲ! "ಮುಂದಿನ ವರ್ಷನ್‌ನಲ್ಲಿ ನೋಡೋಣ ಸಾರ್" ಅಂತೆ. ನಾನು ಇಲ್ಲಿ ಡಿಸೆಂಬರ್‌ನಲ್ಲಿ ಕೂತಿರುವ ಬಿಲ್ಲುಗಳನ್ನು ಒಂದೊಂದಾಗಿ ಹುಡುಕಿ ಅಳಿಸುತ್ತಿದ್ದೇನೆ.